ಎಲ್ಲದಕ್ಕೂ ಐದು ಅಂಕ ಕೊಟ್ಟರೆ ಮೊದಲು ಯಾವುದನ್ನು ಮಾಡುವುದು?

‘ಎಲ್ಲಾನೂ ಬೇಕಲ್ವೇನೇ, ಯಾವುದಕ್ಕೆ ಅಂತ ಕಡಿಮೆ ನಂಬರ್ ಹಾಕ್ಲಿ?’

ಅಮ್ಮ ಹೀಗಂದು ಪೆನ್ನು ಕೆಳಗಿಟ್ಟಾಗ ನಾನು ರಜೆಗೆ ಊರಿಗೆ ಬಂದಿದ್ದೆ. ಅವಳ ಮುಂದೆ ಇದ್ದದ್ದು ನಮ್ಮೂರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಿಂದ ತಮ್ಮನ ಕೈಲಿ ಕಳಿಸಿದ್ದ ಒಂದು ಫಾರ್ಮು. ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಶಾಲೆಗೆ 60 ಸಾವಿರ ರೂಪಾಯಿ ಕೊಟ್ಟಿದ್ದರು. ಅದನ್ನು ಯಾವುದಕ್ಕೆ ಬಳಸಬೇಕೆಂದು ಪೋಷಕರನ್ನೇ ಕೇಳೋಣ ಎಂಬ ಒಳ್ಳೆಯ ಮನಸ್ಸಿನಿಂದ ಎಸ್‌ಡಿಎಂಸಿ ಆ ಫಾರ್ಮು ಮಾಡಿಸಿತ್ತು. ಒಟ್ಟು 16 ಸಾಲು, ಪ್ರತಿ ಸಾಲಿನ ಮುಂದೆ ಒಂದರಿಂದ ಐದರವರೆಗೆ ಅಂಕ. ಐದು ಎಂದರೆ ‘ತುಂಬಾ ಮುಖ್ಯ’.

ಅಮ್ಮ ಕೊನೆಗೆ ಹದಿನಾರಕ್ಕೂ ಐದು ಬರೆದಳು. ಅವಳೊಬ್ಬಳೇ ಅಲ್ಲ. ವಾಪಸ್ ಬಂದ 41 ಫಾರ್ಮುಗಳಲ್ಲಿ 19ರಲ್ಲಿ ಮೇಲಿಂದ ಕೆಳಗಿನವರೆಗೆ ಐದೇ ಐದು. 13 ಸಾಲುಗಳ ಸರಾಸರಿ 4.6ರಿಂದ 4.9ರ ಒಳಗೆ ಬಂತು. ಅತಿ ಕಡಿಮೆ ಬಂದದ್ದಕ್ಕೂ 4.2. ಶೌಚಾಲಯವನ್ನು ದಿನಾ ತೊಳೆಯಲು ಒಬ್ಬರನ್ನು ಇಡುವುದಕ್ಕೆ 4.8, ತರಗತಿಗೆ ಸ್ಮಾರ್ಟ್ ಟಿವಿ ಹಾಕುವುದಕ್ಕೂ 4.8. ಸಭೆಯಲ್ಲಿ ಈ ಪಟ್ಟಿ ಓದಿದ ಮೇಲೆ ಒಂದು ಕ್ಷಣ ಯಾರೂ ಮಾತಾಡಲಿಲ್ಲವಂತೆ. ಆಮೇಲೆ ಸ್ವಲ್ಪ ಗಟ್ಟಿ ಗಂಟಲಿನವರೊಬ್ಬರು ‘ಟಿವಿ ತರೋಣ ಬಿಡಿ, ದುಡ್ಡು ಕೊಟ್ಟೋರ ಕಣ್ಣಿಗೂ ಕಾಣುತ್ತೆ’ ಅಂದರು. ಕೊಟೇಶನ್ ತರಿಸಬೇಕಿದ್ದ ಕಾರಣಕ್ಕೆ ತೀರ್ಮಾನ ಒಂದು ತಿಂಗಳು ಮುಂದೆ ಹೋಯಿತು.

ಅಮ್ಮ ಎಸ್‌ಡಿಎಂಸಿ ಸದಸ್ಯೆ. ಇದನ್ನೆಲ್ಲ ಅವಳು ಮನೆಗೆ ಬಂದು ಹೇಳುತ್ತಿದ್ದಾಗ ನನಗೆ ನೆನಪಾದದ್ದು ನಮ್ಮ ಕಾಲೇಜಿನ ಫೀಡ್‌ಬ್ಯಾಕ್ ಫಾರ್ಮು. ಸೆಮಿಸ್ಟರ್ ಕೊನೆಗೆ ನೀವೂ ತುಂಬಿರುತ್ತೀರಿ: ಇಪ್ಪತ್ತು ಪ್ರಶ್ನೆ, ಒಂದೇ ಕಾಲಮ್ಮಿನಲ್ಲಿ ಸರಸರ ಟಿಕ್, ಅರ್ಧ ನಿಮಿಷದಲ್ಲಿ ಸಬ್‌ಮಿಟ್. ನಾವು ಮಾಡುವುದು ಸೋಮಾರಿತನದಿಂದ. ಅಮ್ಮ ಮಾಡಿದ್ದು ಹಾಗಲ್ಲ. ಅವಳ ಮಗ ಓದುವ ಶಾಲೆಗೆ ಬಣ್ಣವೂ ಬೇಕು, ಡೆಸ್ಕೂ ಬೇಕು, ಟಿವಿಯೂ ಬೇಕು. ಒಂದು ಅಂಕ ಹೆಚ್ಚು ಕೊಟ್ಟರೆ ಅವಳ ಕೈಯಿಂದ ಏನೂ ಹೋಗುವುದಿಲ್ಲ. ಹಾಗಿದ್ದ ಮೇಲೆ ಯಾಕೆ ಕಡಿಮೆ ಕೊಡಬೇಕು? ನನ್ನ ಪ್ರಕಾರ ತಪ್ಪು ಉತ್ತರ ಕೊಟ್ಟವರದಲ್ಲ, ಪ್ರಶ್ನೆಯದು. 60 ಸಾವಿರದಲ್ಲಿ ಒಂದನ್ನು ಮಾಡಿದರೆ ಇನ್ನೊಂದು ಬಿಡಬೇಕು. ಆ ಬಿಡುವ ಕಷ್ಟವೇ ಪ್ರಶ್ನೆಯಲ್ಲಿ ಇಲ್ಲದಿದ್ದರೆ ಉತ್ತರದಲ್ಲಿ ಎಲ್ಲಿಂದ ಬರಬೇಕು?

ಮೊದಲಿಗೆ ನನಗೆ ಹೊಳೆದ ಉಪಾಯ ಎಲ್ಲವನ್ನೂ ಕ್ರಮದಲ್ಲಿ ಜೋಡಿಸಲು ಹೇಳುವುದು. ಅಮ್ಮನ ಮುಂದೆ ಚೀಟಿಗಳನ್ನಿಟ್ಟೆ. ಮೇಲಿನ ಮೂರು, ಕೆಳಗಿನ ಎರಡು ಬೇಗ ಬಂದವು. ನಡುವಿನವನ್ನು ಹಿಡಿದುಕೊಂಡು ಒದ್ದಾಡಿದಳು. ಮರುದಿನ ಮತ್ತೆ ಕೇಳಿದರೆ ನಡುವಿನ ಕ್ರಮ ಪೂರ್ತಿ ಬೇರೆ. ಮನುಷ್ಯರಿಗೆ ತುದಿಗಳು ಗೊತ್ತಿರುತ್ತವೆ, ನಡು ಗೊತ್ತಿರುವುದಿಲ್ಲ. ಮ್ಯಾಕ್ಸ್‌ಡಿಫ್ ಎಂಬ ವಿಧಾನ ನಿಂತಿರುವುದೇ ಈ ಸಣ್ಣ ಸತ್ಯದ ಮೇಲೆ.

ಮ್ಯಾಕ್ಸ್‌ಡಿಫ್ ಎಂದರೆ ಮ್ಯಾಕ್ಸಿಮಮ್ ಡಿಫರೆನ್ಸ್ ಸ್ಕೇಲಿಂಗ್. ಗರಿಷ್ಠ ವ್ಯತ್ಯಾಸ ಮಾಪನ ಅನ್ನಬಹುದು. ಬೆಸ್ಟ್–ವರ್ಸ್ಟ್ ಸ್ಕೇಲಿಂಗ್ ಎಂಬ ಹೆಸರೂ ಇದೆ. ಇದನ್ನು ರೂಪಿಸಿದವರು ಜೋರ್ಡನ್ ಲೂವಿಯರ್, 1987ರಲ್ಲಿ, ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದಲ್ಲಿ ಇದ್ದಾಗ. 1992ರಲ್ಲಿ ಅವರು ಮತ್ತು ಆಡಮ್ ಫಿನ್ ಸೇರಿ ಆಹಾರದ ಸುರಕ್ಷತೆ ಬಗ್ಗೆ ಜನರಿಗಿರುವ ಕಾಳಜಿಯನ್ನು ಅಳೆಯಲು ಇದನ್ನು ಬಳಸಿ ಲೇಖನ ಪ್ರಕಟಿಸಿದರು. ಈಗ ಹೆಚ್ಚಾಗಿ ಮಾರ್ಕೆಟ್ ರಿಸರ್ಚ್ ಕಂಪನಿಗಳ ಕೈಯಲ್ಲಿದೆ. ಹೊಸ ಬಿಸ್ಕತ್ತಿಗೆ ಯಾವ ಗುಣ ಬೇಕು ಎಂದು ಕೇಳಲು ಉಪಯೋಗಿಸುವುದನ್ನು ಶಾಲೆಗೆ ಯಾಕೆ ಉಪಯೋಗಿಸಬಾರದು ಎಂಬುದು ನನ್ನ ವಾದ. ಅದಕ್ಕೆ ಸಾಫ್ಟ್‌ವೇರೂ ಬೇಕಿಲ್ಲ.

ವಿಧಾನ ಇಷ್ಟೇ. ಒಂದು ಸಲಕ್ಕೆ ನಾಲ್ಕೇ ವಿಷಯ ಮುಂದಿಡಬೇಕು. ಎರಡೇ ಪ್ರಶ್ನೆ ಕೇಳಬೇಕು: ಈ ನಾಲ್ಕರಲ್ಲಿ ಎಲ್ಲಕ್ಕಿಂತ ಮುಖ್ಯ ಯಾವುದು? ಎಲ್ಲಕ್ಕಿಂತ ಕಡಿಮೆ ಮುಖ್ಯ ಯಾವುದು? ಆಮೇಲೆ ಬೇರೆ ನಾಲ್ಕು. ಹೀಗೆ ಹತ್ತು ಹನ್ನೆರಡು ಸಲ.

ಅಮ್ಮನಿಗೆ ಮೊದಲು ಇಟ್ಟ ನಾಲ್ಕು ಚೀಟಿಗಳು: ಇಂಗ್ಲಿಷ್ ಮಾತಾಡುವ ಅಭ್ಯಾಸದ ತರಗತಿ, ಶೌಚಾಲಯ ತೊಳೆಯಲು ಒಬ್ಬರು, ಕೆಟ್ಟು ನಿಂತ ಕಂಪ್ಯೂಟರ್‌ಗಳ ರಿಪೇರಿ, ಹಳ್ಳದ ಆಚೆಯ ಮಕ್ಕಳಿಗೆ ಆಟೊ. ಅವಳು ತಡಮಾಡದೆ ಶೌಚಾಲಯವನ್ನು ಮೇಲಕ್ಕೆ, ಕಂಪ್ಯೂಟರನ್ನು ಕೆಳಕ್ಕೆ ಸರಿಸಿದಳು. ಎರಡು ಸಲ ಬೆರಳಿಟ್ಟದ್ದರಿಂದ ನಮಗೆ ಎಷ್ಟು ತಿಳಿಯಿತು ನೋಡಿ. ಶೌಚಾಲಯವು ಇಂಗ್ಲಿಷಿಗಿಂತ, ಆಟೊಗಿಂತ, ಕಂಪ್ಯೂಟರಿಗಿಂತ ಮೇಲು. ಇಂಗ್ಲಿಷ್ ಮತ್ತು ಆಟೊ ಎರಡೂ ಕಂಪ್ಯೂಟರಿಗಿಂತ ಮೇಲು. ನಾಲ್ಕು ವಿಷಯಗಳಲ್ಲಿ ಇರುವ ಆರು ಜೋಡಿಗಳಲ್ಲಿ ಐದರ ಉತ್ತರ ಸಿಕ್ಕಿತು. ಉಳಿದದ್ದು ಇಂಗ್ಲಿಷ್ ಹೆಚ್ಚೋ ಆಟೊ ಹೆಚ್ಚೋ ಎಂಬುದೊಂದೇ. ಅಮ್ಮ ಒದ್ದಾಡುವ ‘ನಡು’ ಅದೇ, ಅದನ್ನು ನಾವು ಕೇಳಲೇ ಇಲ್ಲ. ಎಲ್ಲದಕ್ಕೂ ಐದು ಕೊಡುವ ದಾರಿಯೂ ಇಲ್ಲಿಲ್ಲ.

ಆದರೆ ಚೀಟಿ ಹಂಚುವ ಮೊದಲು ಪಟ್ಟಿಯನ್ನು ನೋಡಬೇಕು. ಶಾಲೆ ಕಳಿಸಿದ್ದ 16 ಸಾಲುಗಳಲ್ಲಿ ಕುಡಿಯುವ ನೀರು, ಕಾಂಪೌಂಡು, ಗಂಡು-ಹೆಣ್ಣು ಮಕ್ಕಳಿಗೆ ಬೇರೆ ಬೇರೆ ಶೌಚಾಲಯ, ಗಾಲಿಕುರ್ಚಿ ಹೋಗುವಂಥ ಇಳಿಜಾರು ಇವೂ ಇದ್ದವು. ಇವು ನಾಲ್ಕೂ 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಶಾಲೆಗೆ ಇರಲೇಬೇಕು ಎಂದು ಹೇಳಿರುವವು. ಇಳಿಜಾರು ಬೇಕಾದ ಮಗು ಶಾಲೆಯಲ್ಲಿ ಒಂದೇ ಇರಬಹುದು. ಮತಕ್ಕೆ ಹಾಕಿದರೆ ಅದು ಪ್ರತಿಸಲ ಕೊನೆಗೇ ಬರುತ್ತದೆ. ಹಕ್ಕನ್ನು ಆಯ್ಕೆಯ ಪಟ್ಟಿಯಲ್ಲಿ ಇಡುವುದು ತಪ್ಪು. ಹಾಗಾಗಿ ಈ ನಾಲ್ಕನ್ನು ತೆಗೆದು, ಇವುಗಳಿಗೆ ಇಲಾಖೆಗೆ ಬೇರೆಯೇ ಅರ್ಜಿ ಬರೆಯಬೇಕು ಎಂದು ಅಮ್ಮನಿಗೆ ಹೇಳಿದೆ. ಅದೇ ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ಶಾಲಾ ಅಭಿವೃದ್ಧಿ ಯೋಜನೆ ತಯಾರಿಸುವುದು ಸಮಿತಿಯ ಕೆಲಸವೇ. ಉಳಿದದ್ದು 12 ಸಾಲು.

ಹದಿಮೂರನೆಯದು ಫಾರ್ಮಿನಲ್ಲಿ ಇರಲೇ ಇಲ್ಲ. ಚೀಟಿ ಬರೆಯುವ ಮೊದಲು ನಾಲ್ಕಾರು ಮನೆಗೆ ಹೋಗಿ ‘ಶಾಲೇಲಿ ಏನಾಗ್ಬೇಕು?’ ಎಂದು ಸುಮ್ಮನೆ ಕೇಳಿದ್ದೆ. ಹಳ್ಳದ ಆಚೆ ಇರುವ ಒಬ್ಬ ಅಕ್ಕ ‘ಶಾಲೇಲಿ ಏನಾದ್ರೂ ಆಗ್ಲಿ ಕಣವ್ವ, ನಮ್ ಮಕ್ಳು ಮೊದ್ಲು ಶಾಲೇವರ್ಗೂ ಬರ್ಬೇಕಲ್ಲ’ ಅಂದರು. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಅವರ ಮಕ್ಕಳು ಸುತ್ತು ಹಾದಿಯಲ್ಲಿ ನಡೆಯಬೇಕು. ಆಟೊ ಪಟ್ಟಿಗೆ ಬಂದದ್ದು ಹೀಗೆ. ಪಟ್ಟಿಯಲ್ಲಿ ಇಲ್ಲದ್ದು ಯಾವ ವಿಧಾನದಲ್ಲೂ ಗೆಲ್ಲುವುದಿಲ್ಲ.

ಇನ್ನು ಯಾವ ನಾಲ್ಕು ಚೀಟಿ ಯಾವಾಗ ಎಂಬ ಪ್ರಶ್ನೆ. ಇಲ್ಲಿ ನಾನೊಂದು ತಪ್ಪು ಮಾಡಿದೆ. ಮೊದಲ ಸಲ ಮನಸ್ಸಿಗೆ ಬಂದ ಹಾಗೆ ನಾಲ್ಕು ನಾಲ್ಕಾಗಿ ಬರೆದುಕೊಂಡೆ. ಆಮೇಲೆ ಎಣಿಸಿದರೆ ಶೌಚಾಲಯ ಏಳು ಸಲ ಬಂದಿದೆ, ಕೈತೋಟ ಎರಡೇ ಸಲ. ಟಿವಿ ಮತ್ತು ಶೌಚಾಲಯ ಒಂದು ಸಲವೂ ಎದುರುಬದುರು ಆಗಿಲ್ಲ. ಹೆಚ್ಚು ಸಲ ಕಾಣಿಸಿಕೊಂಡದ್ದಕ್ಕೆ ಹೆಚ್ಚು ಮತ ಬೀಳುವುದು ಸಹಜ. ಟಿವಿ ಯಾವಾಗಲೂ ದುರ್ಬಲ ಚೀಟಿಗಳ ಜತೆಗೇ ಬಂದರೆ ಅದೇ ಹೀರೊ. ಎಲ್ಲ ವಿಷಯವೂ ಸಮನಾಗಿ ಬರಬೇಕು, ಪ್ರತಿ ಜೋಡಿಯೂ ಸಮನಾಗಿ ಭೇಟಿಯಾಗಬೇಕು.

ಹದಿಮೂರು ಎಂಬ ಸಂಖ್ಯೆಗೆ ಇದರಲ್ಲೊಂದು ಅದೃಷ್ಟವಿದೆ. ಹದಿಮೂರು ಗಂಟೆಗಳ ಒಂದು ಗಡಿಯಾರ ಊಹಿಸಿಕೊಳ್ಳಿ. ಅದರಲ್ಲಿ 0, 1, 3, 9 ಎಂಬ ನಾಲ್ಕು ಗಂಟೆ ಗುರುತಿಸಿ. ಇವುಗಳಲ್ಲಿ ಯಾವುದರಿಂದ ಯಾವುದಕ್ಕೆ ಎಣಿಸಿದರೂ ಬರುವ ದೂರಗಳು 1ರಿಂದ 12ರವರೆಗೆ ಪ್ರತಿಯೊಂದೂ ಸರಿಯಾಗಿ ಒಂದೇ ಸಲ ಬರುತ್ತವೆ. ಹಾಗಾಗಿ ಈ ನಾಲ್ಕನ್ನು ಒಂದೊಂದೇ ಗಂಟೆ ಮುಂದಕ್ಕೆ ತಿರುಗಿಸುತ್ತ ಹೋದರೆ 13 ಗುಂಪುಗಳಾಗುತ್ತವೆ. ಪ್ರತಿ ವಿಷಯ ಸರಿಯಾಗಿ ನಾಲ್ಕು ಸಲ ಬರುತ್ತದೆ, ಪ್ರತಿ ಜೋಡಿ ಸರಿಯಾಗಿ ಒಂದು ಸಲ ಸೇರುತ್ತದೆ. ಪೈಥಾನ್ ಕಲಿಯುತ್ತಿರುವವರಿಗೆ ಎರಡೇ ಸಾಲು:

```
for i in range(13):
    print([(i + d) % 13 + 1 for d in (0, 1, 3, 9)])
```

ಮೊದಲ ಗುಂಪು 1, 2, 4, 10, ಎರಡನೆಯದು 2, 3, 5, 11, ಹೀಗೆ. 13 ವಿಷಯಗಳಲ್ಲಿ ಒಟ್ಟು 78 ಜೋಡಿ. ಗುಂಪಿಗೆ ಐದರಂತೆ 65 ಜೋಡಿಗಳ ಉತ್ತರ ಒಬ್ಬರಿಂದಲೇ ಸಿಗುತ್ತದೆ. ಒಂದೊಂದೇ ಜೋಡಿ ಕೇಳಿದ್ದರೆ 65 ಪ್ರಶ್ನೆಯಾಗುತ್ತಿತ್ತು, ಯಾರಾದರೂ ನನ್ನನ್ನು ಜಗಲಿಯಿಂದ ಎಬ್ಬಿಸಿ ಕಳಿಸುತ್ತಿದ್ದರು. ವಿಷಯಗಳು ಹದಿಮೂರೇ ಇಲ್ಲದಿದ್ದರೆ ಇಷ್ಟು ಅಚ್ಚುಕಟ್ಟಾಗಿ ಕೂಡದೇ ಇರಬಹುದು. ಆಗ ಪ್ರತಿಯೊಂದೂ ಮೂರು-ನಾಲ್ಕು ಸಲ ಬರುವಂತೆ ಆದಷ್ಟು ಸಮನಾಗಿ ಹಂಚಿಕೊಂಡರೂ ನಡೆಯುತ್ತದೆ.

ಹಳೆಯ ಲಗ್ನಪತ್ರಿಕೆಗಳ ಹಿಂಬದಿ ಕತ್ತರಿಸಿ ಚೀಟಿ ಮಾಡಿದೆ. ಎರಡು ಭಾನುವಾರಗಳಲ್ಲಿ 25 ಮನೆಗೆ ಹೋದೆ. ಓದಲು ಬಾರದವರಿಗೆ ನಾಲ್ಕನ್ನೂ ಓದಿ ಹೇಳಿದೆ. ನಾಲ್ಕು ಮಾತು ನೆನಪಲ್ಲಿ ನಿಲ್ಲುತ್ತವೆ, ಹದಿನಾರು ನಿಲ್ಲುವುದಿಲ್ಲ. ಒಬ್ಬೊಬ್ಬರಿಗೆ ಸುಮಾರು ಕಾಲು ಗಂಟೆ. ಪ್ರತಿ ಮನೆಯಲ್ಲೂ ಗುಂಪುಗಳ ಕ್ರಮ, ಗುಂಪಿನೊಳಗೆ ಚೀಟಿಗಳ ಜಾಗ ಕಲಸಿಯೇ ಇಡುತ್ತಿದ್ದೆ. ಅದರಿಂದ ಒಂದು ಉಪಕಾರವಾಯಿತು. ಒಬ್ಬ ಅಣ್ಣ ಮೊಬೈಲ್ ನೋಡುತ್ತಲೇ ಪ್ರತಿಸಲ ಎಡಗಡೆಯದನ್ನು ‘ಮುಖ್ಯ’, ಬಲಗಡೆಯದನ್ನು ‘ಮುಖ್ಯ ಅಲ್ಲ’ ಎನ್ನುತ್ತಿದ್ದರು. ಎಣಿಸಿದಾಗ ಅವರ ಹದಿಮೂರು ವಿಷಯಗಳಲ್ಲಿ ಹೆಚ್ಚಿನವು ಸೊನ್ನೆಯ ಆಸುಪಾಸಿನಲ್ಲೇ ಇದ್ದವು. ಮನಸ್ಸಿಟ್ಟು ಉತ್ತರಿಸಿದವರ ಹಾಳೆಯಲ್ಲಿ ಹಾಗಿರುವುದಿಲ್ಲ. ನಾಲ್ಕಕ್ಕೆ ನಾಲ್ಕು ಸಲವೂ ಮೇಲೆ ಹೋದದ್ದೊಂದು, ನಾಲ್ಕು ಸಲವೂ ಕೆಳಗೆ ಬಿದ್ದದ್ದೊಂದು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಅವರದನ್ನು ಬಿಟ್ಟು 24 ಮಂದಿಯ ಉತ್ತರ ಉಳಿಸಿಕೊಂಡೆ. ರೇಟಿಂಗ್ ಫಾರ್ಮಿನಲ್ಲಿ ಆ ಅಣ್ಣನೂ ಅಮ್ಮನೂ ಒಂದೇ ಥರ ಕಾಣುತ್ತಿದ್ದರು.

ಲೆಕ್ಕ ಕೂಡಿಸುವುದು ಹೈಸ್ಕೂಲ್ ಮಟ್ಟದ್ದು. ಒಂದು ವಿಷಯ ಎಷ್ಟು ಸಲ ‘ಅತಿ ಮುಖ್ಯ’ ಆಯಿತೋ ಅದರಿಂದ ಎಷ್ಟು ಸಲ ‘ಅತಿ ಕಡಿಮೆ’ ಆಯಿತೋ ಅದನ್ನು ಕಳೆಯುವುದು. ಕಂಪನಿಗಳು ಇದಕ್ಕೆ ದೊಡ್ಡ ಸಂಖ್ಯಾಶಾಸ್ತ್ರದ ಮಾದರಿಗಳನ್ನು ಹಾಕುತ್ತವೆ. ಎಲ್ಲವೂ ಸಮನಾಗಿ ಬಂದಿರುವಾಗ ಊರ ಮಟ್ಟಿಗೆ ಈ ಕಳೆಯುವ ಲೆಕ್ಕವೇ ಸಾಕು. ಪ್ರತಿ ವಿಷಯವೂ 24 ಮನೆಗಳಲ್ಲಿ ನಾಲ್ಕು ಸಲದಂತೆ 96 ಸಲ ಬಂದಿತ್ತು. ಶೌಚಾಲಯದ ಶುಚಿ 58 ಸಲ ಮೇಲೆ, 4 ಸಲ ಕೆಳಗೆ: ಅಂದರೆ +54. ಓದಿನಲ್ಲಿ ಹಿಂದುಳಿದ ಮಕ್ಕಳಿಗೆ ಸಂಜೆ ಪಾಠ 49 ಸಲ ಮೇಲೆ, 5 ಸಲ ಕೆಳಗೆ: +44. ಸ್ಮಾರ್ಟ್ ಟಿವಿ 11 ಸಲ ಮೇಲೆ, 44 ಸಲ ಕೆಳಗೆ: −33. ಗೋಡೆಗೆ ಬಣ್ಣ −58. ಫಾರ್ಮಿನಲ್ಲಿ 4.8 ಮತ್ತು 4.8 ಎಂದು ಅವಳಿಗಳಂತೆ ನಿಂತಿದ್ದ ಶೌಚಾಲಯಕ್ಕೂ ಟಿವಿಗೂ ನಡುವೆ ಈಗ 87ರ ಅಂತರ. ಜನರ ಮನಸ್ಸು ಈ ತಿಂಗಳಲ್ಲಿ ಬದಲಾಗಿರಲಿಲ್ಲ.

ಇಲ್ಲಿಗೆ ಲೇಖನ ಮುಗಿಸಿದ್ದರೆ ನನ್ನ ಪ್ರಾಜೆಕ್ಟ್ ಗೈಡ್ ಖುಷಿಪಡುತ್ತಿದ್ದರು. ಆದರೆ ಪಟ್ಟಿಯ ನಡುವೆ ಆಟೊ +3 ಎಂದು ಕುಳಿತಿತ್ತು. 36 ಸಲ ಮೇಲೆ, 33 ಸಲ ಕೆಳಗೆ. ನೋಡಿದರೆ ‘ಯಾರಿಗೂ ಅಷ್ಟೇನೂ ಮುಖ್ಯವಲ್ಲ’ ಅನ್ನಿಸುತ್ತದೆ. ಹಾಳೆಗಳನ್ನು ಹಳ್ಳದ ಆಚೆ, ಹಳ್ಳದ ಈಚೆ ಎಂದು ಎರಡು ಕಟ್ಟು ಮಾಡಿದೆ. ಆಚೆಯ 8 ಮನೆಗಳಲ್ಲಿ ಆಟೊ 32 ಸಲ ಬಂದಿತ್ತು: 29 ಸಲ ಮೇಲೆ, ಒಂದು ಸಲವೂ ಕೆಳಗಿಲ್ಲ. ಈಚೆಯ 16 ಮನೆಗಳಲ್ಲಿ 64 ಸಲ ಬಂದಿತ್ತು: 7 ಸಲ ಮೇಲೆ, 33 ಸಲ ಕೆಳಗೆ. ಈಚೆಯವರಿಗೆ ಅದು ಬೇಕಿಲ್ಲ, ಆಚೆಯವರಿಗೆ ಅದೇ ಮೊದಲು. ಒಟ್ಟು ಮೊತ್ತ ಈ ಎರಡನ್ನೂ ಕೂಡಿಸಿ ಏನೂ ಇಲ್ಲವೆಂಬಂತೆ ಮಾಡಿಬಿಟ್ಟಿತ್ತು. ಆದ್ದರಿಂದ ಈ ವಿಧಾನವನ್ನು ಯಾರಾದರೂ ಮಾಡುವುದಾದರೆ ನನ್ನದೊಂದು ಒತ್ತಾಯವಿದೆ: ಒಟ್ಟು ಅಂಕವನ್ನಷ್ಟೇ ಸಭೆಗೆ ಒಯ್ಯಬೇಡಿ. ಸೊನ್ನೆಯ ಹತ್ತಿರ ಇರುವ ವಿಷಯಗಳಲ್ಲಿ ಮೇಲೆ-ಕೆಳಗೆ ಎರಡೂ ಎಣಿಕೆ ದೊಡ್ಡದಾಗಿದೆಯೇ ನೋಡಿ. ಎರಡೂ ಸಣ್ಣದಿದ್ದರೆ ಅದು ನಿಜವಾಗಿ ನಡುವಿನದು. ಎರಡೂ ದೊಡ್ಡದಿದ್ದರೆ ಊರು ಎರಡಾಗಿದೆ ಎಂದರ್ಥ.

ಇನ್ನೊಂದು ಮಿತಿಯನ್ನೂ ಹೇಳಬೇಕು. ಇಲ್ಲಿನ ಅಂಕಗಳೆಲ್ಲ ಒಂದಕ್ಕೆ ಹೋಲಿಸಿ ಇನ್ನೊಂದು; ಒಟ್ಟು ಕೂಡಿಸಿದರೆ ಯಾವಾಗಲೂ ಸೊನ್ನೆಯೇ. ಬಣ್ಣಕ್ಕೆ −58 ಬಂದಿತು ಎಂದರೆ ಬಣ್ಣ ಬೇಡವೇ ಬೇಡ ಅಂತಲ್ಲ. ಎಲ್ಲ ಸೌಲಭ್ಯವಿರುವ ಶಾಲೆಯಲ್ಲೂ ಯಾವುದೋ ಒಂದು ಕೊನೆಗೆ ಬರಲೇಬೇಕು. ಅದಕ್ಕೇ ಚೀಟಿ ಆಟ ಮುಗಿದ ಮೇಲೆ ಪ್ರತಿಯೊಬ್ಬರಿಗೂ 13 ಚೀಟಿಗಳನ್ನು ತೋರಿಸಿ ‘ಇದರಲ್ಲಿ ಈ ವರ್ಷವೇ ಆಗಲೇಬೇಕಾದ್ದು ಯಾವ್ಯಾವುದು?’ ಎಂದು ಕೇಳಿಕೊಂಡೆ. ಖರ್ಚಿನ ಮಾತನ್ನು ಚೀಟಿಗಳಲ್ಲಿ ಬರೆದಿರಲಿಲ್ಲ. ಬರೆದಿದ್ದರೆ ಜನ ಮುಖ್ಯವಾದ್ದರ ಬದಲು ಅಗ್ಗದ್ದನ್ನು ಆರಿಸುತ್ತಿದ್ದರೇನೋ. ಖರ್ಚು ಸಮಿತಿಯ ಮುಂದಿನ ಹೆಜ್ಜೆ ಎಂದುಕೊಂಡೆ.

ಆ ಹೆಜ್ಜೆ ಸುಲಭವಾಗಿರಲಿಲ್ಲ. ಶೌಚಾಲಯ ತೊಳೆಯುವವರಿಗೆ ತಿಂಗಳಿಗೆ 2,500ರಂತೆ ಹತ್ತು ತಿಂಗಳಿಗೆ 25 ಸಾವಿರ. ಸಂಜೆ ಪಾಠಕ್ಕೆ ಊರಿನಲ್ಲೇ ಬಿ.ಎಡ್ ಮುಗಿಸಿ ಕೆಲಸ ಹುಡುಕುತ್ತಿರುವ ಒಬ್ಬರು ತಿಂಗಳಿಗೆ 3,000ಕ್ಕೆ ಒಪ್ಪಿದರು, ಹತ್ತು ತಿಂಗಳಿಗೆ 30 ಸಾವಿರ. ಆಟೊದವರು ಕೇಳಿದ್ದು ತಿಂಗಳಿಗೆ 6,000. ಹತ್ತು ತಿಂಗಳಿಗೆ ಇರುವ ದುಡ್ಡೆಲ್ಲ ಅದಕ್ಕೇ. ಎರಡು ಕೆಲಸ ಮಾಡಿದರೆ ಆಟೊ ಇಲ್ಲ, ಆಟೊ ಮಾಡಿದರೆ ಬೇರೇನೂ ಇಲ್ಲ.

ಸಭೆಗೆ ಅಮ್ಮ ಹಾಳೆ ಹಿಡಿದುಕೊಂಡು ಹೋದಳು, ನಾನು ಹಿಂದೆ ಕೂತಿದ್ದೆ. ಟಿವಿಯ ಮಾತು ಎರಡು ನಿಮಿಷದಲ್ಲಿ ಮುಗಿಯಿತು. −33 ಎಂದು ಓದಿದಾಗ ಗಟ್ಟಿ ಗಂಟಲಿನವರೇ ‘ಹೌದಾ?’ ಎಂದು ಹಾಳೆ ಇಸಿದುಕೊಂಡು ನೋಡಿದರು. ಆಟೊದ ಮಾತು ಮುಕ್ಕಾಲು ಗಂಟೆ ನಡೆಯಿತು. ಎಂಟು ಮನೆಗೋಸ್ಕರ ಎಲ್ಲ ದುಡ್ಡು ಹಾಕುವುದು ಹೇಗೆ ಎಂದು ಕೆಲವರು, ಶಾಲೆಗೇ ಬರಲಾಗದ ಮಗುವಿಗೆ ಸಂಜೆ ಪಾಠ ಯಾಕೆ ಎಂದು ಇನ್ನು ಕೆಲವರು. ಕೊನೆಗೆ ಶೌಚಾಲಯ, ಸಂಜೆ ಪಾಠ ಎರಡನ್ನೂ ಒಪ್ಪಿ, ಮಿಕ್ಕ 5 ಸಾವಿರವನ್ನು ಹಳ್ಳ ತುಂಬುವ ದಿನಗಳ ಆಟೊಗೆ ಎಂದು ಬರೆದುಕೊಂಡರು. ನನಗೆ ಈ ತೀರ್ಮಾನ ಪೂರ್ತಿ ಒಪ್ಪಿಗೆಯಿಲ್ಲ. ಆದರೆ ಯಾವುದನ್ನು ಬಿಟ್ಟು ಯಾವುದನ್ನು ಹಿಡಿದೆವು ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. 4.8 ನೋಡಿದಾಗ ಅದು ಗೊತ್ತಿರಲಿಲ್ಲ.

ನಡಾವಳಿ ಪುಸ್ತಕಕ್ಕೆ ಸಹಿ ಹಾಕುವಾಗ ಹಳ್ಳದಾಚೆಯ ಆ ಅಕ್ಕ ‘ಐದು ಸಾವ್ರ ಒಂದು ತಿಂಗ್ಳಿಗೂ ಸಾಲಕಿಲ್ಲ’ ಅಂದರು. ಮುಖ್ಯ ಶಿಕ್ಷಕರು ಆ ಮಾತನ್ನೂ ಬರೆದುಕೊಂಡರು.